ಆಫೀಸು ಕಾಗದ: ನಗರಸಭೆಗೆ ಕೊಟೇಶನ್ ಕಳಿಸುವ ಮೇಲ್

ಕಳೆದ ತಿಂಗಳು ಒಬ್ಬ ಓದುಗರು ಕೇಳಿದ್ದರು: "ಕಂಪನಿ ಚಿಕ್ಕದು. ಸಿಟಿ ಆಫೀಸಿನಿಂದ ಮಿತ್ಸುಮೊರಿ ಕೇಳಿ ಮೇಲ್ ಬಂದಿದೆ. ಶಾಚೋ ನನಗೇ ಉತ್ತರ ಕಳಿಸು ಅಂದಿದ್ದಾರೆ. ಏನು ಬರೀಬೇಕು, ಏನು ಲಗತ್ತಿಸಬೇಕು?" ಇಂಥ ಪ್ರಶ್ನೆ ಈಗ ಹಲವರಿಗೆ ಬರ್ತಾ ಇದೆ, ಅದಕ್ಕೆ ಈ ಸಲ ಇದೇ ವಿಷಯ.

ಮೊದಲು ಕಾರಣ ತಿಳ್ಕೊಳ್ಳಿ. ಊರಲ್ಲಿ "ಮೂರು ಕೊಟೇಶನ್ ತಗೊಂಡು ಬಾ" ಅಂತೀವಲ್ಲ, ಇಲ್ಲಿ ಅದಕ್ಕೆ ಐಮಿತ್ಸುಮೊರಿ ಅಂತಾರೆ. ಚಿಕ್ಕ ಮೊತ್ತದ ಕೆಲಸಕ್ಕೆ ಟೆಂಡರ್ ಕರೆಯದೆ, ಕೆಲವು ಕಂಪನಿಗಳಿಂದ ದರ ತರಿಸಿ ಹೋಲಿಸಿ ಕೊಡೋದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಅನುವಾದದಂಥ ಸೇವೆಗೆ ಸಾಮಾನ್ಯ ನಗರಸಭೆಗಳ ಮಿತಿ 5 ಲಕ್ಷ ಯೆನ್ ಇತ್ತು. 2025ರ ಏಪ್ರಿಲ್ 1ರಿಂದ ಅದು 10 ಲಕ್ಷ ಯೆನ್ ಆಗಿದೆ. ಈ ಮಿತಿಯೊಳಗೆ ಪ್ರತಿ ನಗರಸಭೆ ತನ್ನದೇ ನಿಯಮ ಮಾಡಿಕೊಳ್ಳುತ್ತದೆ. ಅಂದರೆ ನಿಮ್ಮ ಕೊಟೇಶನ್ ಫೈಲಿನಲ್ಲಿ ಉಳಿಯುವ ದಾಖಲೆ. ಮೇಲ್ ಅದನ್ನು ಹೊತ್ತು ತರುವ ಲಕೋಟೆ ಮಾತ್ರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಸ ವಿಂಗಡಣೆಯ ಕೈಪಿಡಿಯನ್ನು ಇಂಗ್ಲಿಷ್‌ಗೆ ಅನುವಾದಿಸಿ, ಪುಟ ಜೋಡಿಸಿಕೊಡಬೇಕು. ಜೊತೆಗೆ ಬಂದಿರುವ ಶಿಯೋಶೊ, ಅಂದರೆ ಕೆಲಸದ ವಿವರಪತ್ರವನ್ನು ಮೊದಲ ಸಾಲಿನಿಂದ ಕೊನೆಯವರೆಗೂ ಓದಿ. ಅದರಲ್ಲಿ ನಾಲ್ಕು ವಿಷಯ ಹುಡುಕಿ: ಕೊಟೇಶನ್ ಯಾರ ಹೆಸರಿಗೆ, ತೆರಿಗೆ ಸೇರಿಸಿಯೋ ಬಿಟ್ಟೋ, ಮುದ್ರೆ ಬೇಕೋ ಬೇಡವೋ, ಯಾವತ್ತು ಎಷ್ಟು ಗಂಟೆಯೊಳಗೆ. ಗಂಟೆಯ ಪಕ್ಕ "ಹಿಚ್ಚಾಕು" ಅಂತಿದ್ದರೆ, ಅಷ್ಟರೊಳಗೆ ಅವರ ಕೈಗೆ ಸೇರಿರಬೇಕು ಅಂತ ಅರ್ಥ. ನೀವು ಕಳಿಸಿದ ಸಮಯ ಲೆಕ್ಕಕ್ಕಿಲ್ಲ.

ಈ ನಾಲ್ಕರಲ್ಲಿ ಹೆಚ್ಚು ಜನ ಎಡವೋದು ತೆರಿಗೆಯಲ್ಲಿ. ನಮ್ಮ ಲೆಕ್ಕ ಹೀಗಿದೆ ಅನ್ನಿ: 6,000 ಅಕ್ಷರ, ಅಕ್ಷರಕ್ಕೆ 15 ಯೆನ್, 90,000. ಪುಟ ಜೋಡಣೆ 8 ಪುಟ, ಪುಟಕ್ಕೆ 4,000, ಅದು 32,000. ಒಟ್ಟು 1,22,000. ಶೇ. 10 ಬಳಕೆ ತೆರಿಗೆ 12,200 ಸೇರಿದರೆ 1,34,200. ವಿವರಪತ್ರದಲ್ಲಿ "ಝೇಯ್‌ನುಕಿ", ಅಂದರೆ ತೆರಿಗೆ ಬಿಟ್ಟು ಬರೆಯಿರಿ ಅಂತಿದೆ. ನೀವು 1,34,200 ಬರೆದಿರಿ. ಇನ್ನೊಂದು ಕಂಪನಿ ತೆರಿಗೆ ಬಿಟ್ಟು 1,28,000 ಬರೆದಿದೆ. ನಿಜಕ್ಕೂ ನೀವು 6,000 ಯೆನ್ ಕಡಿಮೆ ಇದ್ದೀರಿ, ಆದರೆ ಕಾಗದದ ಮೇಲೆ ಸೋತಿರಿ. ತಿರುಗಾಮುರುಗಾ ಆದರೂ ಕಷ್ಟವೇ: ತೆರಿಗೆ ಸೇರಿಸಿ, "ಝೇಯ್‌ಕೋಮಿ" ಅಂತ ಕೇಳಿದಾಗ 1,22,000 ಬರೆದರೆ ಕೆಲಸ ಸಿಗಬಹುದು, ಆದರೆ ಸುಮಾರು 11,000 ಯೆನ್ ನಿಮ್ಮ ಕೈಯಿಂದಲೇ ಹೋಗುತ್ತೆ. ಆದ್ದರಿಂದ ಕೊಟೇಶನ್‌ನಲ್ಲಿ ಮೂರು ಸಾಲೂ ಇರಲಿ: ಮೂಲ ಮೊತ್ತ, ತೆರಿಗೆ, ಒಟ್ಟು. ಎದ್ದು ಕಾಣುವ ಜಾಗದಲ್ಲಿ ಮಾತ್ರ ಅವರು ಕೇಳಿದ ಮೊತ್ತ, ಪಕ್ಕದಲ್ಲಿ ಅದು ಯಾವುದು ಅನ್ನೋ ಮಾತು.

ಎರಡನೆಯದು ಹೆಸರು. ಇಲ್ಲಿ ಎರಡು ವಿಳಾಸ ಇವೆ, ಬೆರೆಸಬೇಡಿ. ಒಪ್ಪಂದ ಮಾಡೋದು ನಗರದ ಮೇಯರ್ ಹೆಸರಲ್ಲಿ, ಹಾಗಾಗಿ ಕೊಟೇಶನ್ ಸಾಮಾನ್ಯವಾಗಿ ಅವರ ಹೆಸರಿಗೇ ಇರುತ್ತೆ. ನೀರು ಸರಬರಾಜು ವಿಭಾಗದ ಕೆಲಸವಾದರೆ ಬೇರೆ ಅಧಿಕಾರಿಯ ಹೆಸರು ಇರಬಹುದು. ವಿವರಪತ್ರ ನೋಡಿಯೇ ಬರೆಯಿರಿ. ಮೇಲ್ ಮಾತ್ರ ನಿಮಗೆ ಬರೆದ ವಿಭಾಗದ ಸಿಬ್ಬಂದಿಗೆ. ವಿಭಾಗದ ಹೆಸರಿಗಷ್ಟೇ ಬರೆದರೆ ಕೊನೆಗೆ "ಒನ್‌ಚ್ಯೂ". ವ್ಯಕ್ತಿಯ ಹೆಸರು ಬರೆದರೆ ಆ ಹೆಸರಿಗೆ "ಸಾಮಾ". ಎರಡನ್ನೂ ಒಟ್ಟಿಗೆ ಹಾಕಬಾರದು.

ಇನ್ನು ಮೇಲ್. ವಿಷಯದ ಸಾಲು ಹೀಗೆ, ಕೆಲಸದ ಹೆಸರು ಅವರ ವಿವರಪತ್ರದಲ್ಲಿ ಇರುವ ಹಾಗೇ, ಒಂದಕ್ಷರ ಬದಲಿಸದೆ:

```
【見積書送付】ごみ分別案内翻訳業務／株式会社○○
```

ಒಳಗಿನ ಮಾತು ಐದಾರು ಸಾಲು ಸಾಕು. ಹೆಸರಾದ ಮೇಲೆ "ಒಸೆವಾನಿ ನಾತ್ತೆ ಒರಿಮಾಸು", ಆಮೇಲೆ ನಿಮ್ಮ ಕಂಪನಿ, ನಿಮ್ಮ ಹೆಸರು. ಮೊದಲ ಸಲದ ಸಂಪರ್ಕವಾದರೆ ಮುಂದೆ "ಇತ್ಸುಮೊ" ಸೇರಿಸಬೇಡಿ. ಅವರು ಕೇಳಿದ್ದಕ್ಕೆ ಕೃತಜ್ಞತೆ: "ಕೊನೊ ತಾಬಿವಾ ಒಮಿತ್ಸುಮೊರಿನೊ ಗೊಇರಾಯಿ ಒ ಇತಾದಾಕಿ, ಮಾಕೊತೊನಿ ಅರಿಗಾತೋ ಗೊಝಾಯಿಮಾಸು." ಮುಂದೆ ಕೆಲಸದ ಮಾತು: "ತೆಂಪುನೊ ತೋರಿ ಮಿತ್ಸುಮೊರಿಶೊ ಒ ಸೋಫು ಇತಾಶಿಮಾಸು", ಅಂದರೆ ಲಗತ್ತಿಸಿದಂತೆ ಕೊಟೇಶನ್ ಕಳಿಸುತ್ತಿದ್ದೇನೆ. ಕೆಳಗೆ ಲಗತ್ತುಗಳ ಪಟ್ಟಿ, ಅಂಕಿ ಹಾಕಿ. ಕೊನೆಗೆ "ಗೊಸಾಶೂನೊ ಹೊದೊ ಯೊರೊಶಿಕು ಒನೆಗಾಯಿ ಮೋಶಿಆಗೆಮಾಸು", ಪರಿಶೀಲಿಸಿ ಸ್ವೀಕರಿಸಿ ಅಂತ. ಅದರ ಕೆಳಗೆ ಕಂಪನಿ, ವಿಳಾಸ, ಫೋನ್. ಮೊತ್ತವನ್ನು ಮೇಲ್‌ನಲ್ಲಿ ಮತ್ತೆ ಬರೆಯಬೇಡಿ. ಎರಡು ಕಡೆ ಬರೆದು ಒಂದಂಕಿ ಬೇರೆಯಾದರೆ ಯಾವುದು ಸರಿ ಅನ್ನೋ ಪ್ರಶ್ನೆ ಹುಟ್ಟುತ್ತೆ.

ಲಗತ್ತುಗಳು ಏನೇನು? ಕೊಟೇಶನ್, ಕೇಳಿದ್ದರೆ ವಿವರವಾದ ದರಪಟ್ಟಿ. ಕಂಪನಿ ಅವರ ನೋಂದಣಿ ಪಟ್ಟಿಯಲ್ಲಿ ಇಲ್ಲದಿದ್ದರೆ ಕಂಪನಿಯ ನೋಂದಣಿ ಪ್ರಮಾಣಪತ್ರ, ತೆರಿಗೆ ಬಾಕಿ ಇಲ್ಲ ಅನ್ನೋ ಪತ್ರ ಕೇಳಬಹುದು. ಈ ತೆರಿಗೆ ಪತ್ರದಲ್ಲಿ ಬೇರೆ ಬೇರೆ ಬಗೆ ಇವೆ: ಕಂಪನಿಗೆ "ಸೊನೊ 3ನೊ 3", ಸ್ವಂತ ಉದ್ಯೋಗಿಗೆ "ಸೊನೊ 3ನೊ 2". ತೆರಿಗೆ ಕಚೇರಿಯಲ್ಲಿ ಹೆಸರು ಹೇಳಿಯೇ ಕೇಳಿ. ಕೊಟೇಶನ್‌ಗೆ ಮುದ್ರೆ ಬೇಡ ಅಂದಿದ್ದರೆ, ಅದರ ಬದಲು ಜವಾಬ್ದಾರರ ಹೆಸರು, ಕೆಲಸ ನೋಡುವವರ ಹೆಸರು, ಫೋನ್ ಬರೆಯಿರಿ ಅನ್ನೋ ಷರತ್ತು ಸಾಮಾನ್ಯವಾಗಿ ಇರುತ್ತೆ. ಅದನ್ನು ಬಿಟ್ಟರೆ ಮುದ್ರೆಯಿಲ್ಲದ ಕಾಗದ ಅಂತ ವಾಪಸ್ ಬರಬಹುದು.

ಫೈಲು ಸಾದಾ ಪಿಡಿಎಫ್ ಆಗಿರಲಿ. ಹಿಂದೆ ಪಾಸ್‌ವರ್ಡ್ ಹಾಕಿದ ಜಿಪ್ ಒಂದು ಮೇಲ್, ಪಾಸ್‌ವರ್ಡ್ ಇನ್ನೊಂದು ಮೇಲ್ ಅನ್ನೋ ಪದ್ಧತಿ ಇತ್ತು. 2020ರ ನವೆಂಬರ್‌ನಲ್ಲಿ ಕೇಂದ್ರದ ಕ್ಯಾಬಿನೆಟ್ ಕಚೇರಿಯೇ ಅದನ್ನು ಕೈಬಿಟ್ಟಿತು. ಹಲವು ನಗರಸಭೆಗಳಲ್ಲಿ ಹೊರಗಿನ ಲಗತ್ತುಗಳನ್ನು ಮೊದಲು ಒಂದು ಶುದ್ಧೀಕರಣ ವ್ಯವಸ್ಥೆ ತೆರೆದು ನೋಡುತ್ತೆ. ಪಾಸ್‌ವರ್ಡ್ ಇದ್ದರೆ ತೆರೆಯಲಾಗದೆ ಅಲ್ಲೇ ನಿಂತುಬಿಡಬಹುದು, ನಿಮಗೆ ಸುದ್ದಿಯೂ ಬರೋದಿಲ್ಲ. ಅದಕ್ಕೇ ಕೊನೆಯ ದಿನಕ್ಕೆ ಒಂದು ದಿನ ಮೊದಲೇ ಕಳಿಸಿ. "ತಲುಪಿತು" ಅನ್ನೋ ಉತ್ತರ ಬಾರದಿದ್ದರೆ ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ, "ಮಿತ್ಸುಮೊರಿಶೊ ತೊದೊಯಿತೆ ಇಮಾಸು ದೆಶೋಕಾ" ಅಂತ ಕೇಳಿ. ಅದು ಅವಸರ ಅಲ್ಲ, ಅವರೂ ನಿರೀಕ್ಷಿಸುವ ಕರೆ.

ಕೆಲಸ ಆಗೋದಿಲ್ಲ ಅನಿಸಿದರೆ ಸುಮ್ಮನಿರಬೇಡಿ. ಕೊನೆಯ ದಿನಕ್ಕೆ ಮೊದಲೇ "ಕೊಂಕಾಯಿವಾ ಜಿತಾಯಿ ಸಸೆತೆ ಇತಾದಾಕಿಮಾಸು", ಈ ಸಲ ಹಿಂದೆ ಸರಿಯುತ್ತೇನೆ, ಅಂತ ಒಂದು ಮೇಲ್ ಹಾಕಿ. ಅವರು ಬೇರೆ ಕಂಪನಿಯನ್ನು ಕೇಳಲು ಸಮಯ ಸಿಗುತ್ತೆ.

ಇನ್ನೊಂದು ಮಾತು, ಇದು ನಿಮ್ಮ ಕಾರ್ಡಿಗೆ ಸಂಬಂಧಿಸಿದ್ದು. ಮೇಲೆ ಹೇಳಿದ್ದೆಲ್ಲ ಕಂಪನಿಯ ಪರವಾಗಿ ಕಳಿಸುವ ಮಾತು. ಎಂಜಿನಿಯರ್ ಅಥವಾ ಅಂತರರಾಷ್ಟ್ರೀಯ ಸೇವೆಯ ವೀಸಾದಲ್ಲಿದ್ದು, ಬಿಡುವಿನಲ್ಲಿ ಸ್ವಂತ ಹೆಸರಲ್ಲಿ ಅನುವಾದದ ಕೊಟೇಶನ್ ಕೊಡೋ ಯೋಚನೆ ಇದ್ದರೆ, ಮೊದಲು ವಲಸೆ ಕಚೇರಿಯಲ್ಲಿ ಶಿಕಾಕುಗಾಯ್ ಅನುಮತಿ ಬೇಕೇ ಅಂತ ವಿಚಾರಿಸಿ. ಕಂಪನಿಯ ಒಪ್ಪಿಗೆಯೂ ಬೇರೆ ಬೇಕಾದೀತು. ಕೊಟೇಶನ್ ಕೊಟ್ಟ ಮೇಲೆ ವಿಚಾರಿಸುವುದು ತಡವಾಗುತ್ತೆ.

ಕೆಲಸ ಸಿಕ್ಕಿದ ಮೇಲೆ ಬರುವುದು ಬಿಲ್ಲು. 2023ರ ಅಕ್ಟೋಬರ್ 1ರಿಂದ ಶುರುವಾದ ಹೊಸ ಇನ್‌ವಾಯ್ಸ್ ಪದ್ಧತಿಯಲ್ಲಿ ನೋಂದಾಯಿತ ಕಂಪನಿ ತನ್ನ ಸಂಖ್ಯೆ ಬರೆಯಬೇಕು, ಅದು `T` ಅಕ್ಷರ ಮತ್ತು 13 ಅಂಕಿ. ಆ ವಿವರ ಮುಂದಿನ ತಿಂಗಳ ಅಂಕಣದಲ್ಲಿ.