ಕಳಚುವ ಖರ್ಚು ಯಾರ ತಲೆಗೆ?

ಮನೆ ಕಟ್ಟುವವನು ಮುಂದೊಂದು ದಿನ ಅದನ್ನು ಕೆಡವಲು ತಗಲುವ ಖರ್ಚನ್ನು ಎಣಿಸಿಕೊಂಡು ಕೂಡುವುದಿಲ್ಲ. ಪರಮಾಣು ವಿದ್ಯುದಾಗಾರವನ್ನು ಕಟ್ಟುವವನಿಗೆ ಈ ನಿಶ್ಚಿಂತೆಯಿಲ್ಲ. ರಿಯಾಕ್ಟರು ಒಮ್ಮೆ ಕೆಲಸಕ್ಕೆ ತೊಡಗಿತೆಂದರೆ ಅದರ ಉಕ್ಕೂ ಕಾಂಕ್ರೀಟೂ ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕಿ ತಾವೇ ವಿಕಿರಣಶೀಲವಾಗುತ್ತವೆ. ಆಯುಸ್ಸು ತೀರಿದ ಮೇಲೆ ಬಾಗಿಲಿಗೆ ಬೀಗ ಹಾಕಿ ಹೊರಟುಹೋಗುವಂತಿಲ್ಲ; ಎಲ್ಲವನ್ನೂ ಎಚ್ಚರದಿಂದ ಕಳಚಿ, ನೆಲವನ್ನು ಶುದ್ಧಿಗೊಳಿಸಬೇಕು.

ಈ ಹೊಣೆ ಹುಟ್ಟುವುದು ಸ್ಥಾವರ ಮುಚ್ಚಿದ ದಿನವಲ್ಲ, ಆರಂಭವಾದ ದಿನ. ಆದುದರಿಂದಲೇ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳೂ, ಅವುಗಳ ಮಾದರಿಯ ಭಾರತದ ನಿಯಮಗಳೂ ಇದನ್ನು ಮೊದಲ ದಿನವೇ ಸ್ಥಾವರದ ಬೆಲೆಗೆ ಸೇರಿಸಬೇಕೆಂದು ವಿಧಿಸುತ್ತವೆ. ಅದರ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ನಲವತ್ತು ವರ್ಷಗಳ ತರುವಾಯ ಕಳಚಲು 1,000 ಕೋಟಿ ರೂಪಾಯಿ ಬೇಕೆಂದಿಟ್ಟುಕೊಳ್ಳಿ. ಬಡ್ಡಿಯ ದರ ಶೇಕಡ 6. ಈ ದರದ ಚಕ್ರಬಡ್ಡಿಯಲ್ಲಿ ಒಂದು ರೂಪಾಯಿ 40 ವರ್ಷಗಳಲ್ಲಿ ಸುಮಾರು 10 ರೂಪಾಯಿ 29 ಪೈಸೆಯಾಗುತ್ತದೆ. ಆದ್ದರಿಂದ ಅಂದಿನ 1,000 ಕೋಟಿ ಇಂದಿನ ಸುಮಾರು 97 ಕೋಟಿಗೆ ಸಮ. ಈ 97 ಕೋಟಿಯನ್ನು ಒಂದು ಕಡೆ ಸ್ಥಾವರದ ಬೆಲೆಗೆ ಕೂಡಿಸುತ್ತಾರೆ. ಇನ್ನೊಂದು ಕಡೆ ಅಷ್ಟನ್ನೇ ಸಾಲವೆಂದು ಬರೆಯುತ್ತಾರೆ.

ಅಲ್ಲಿಂದ ಮುಂದೆ ಇವೆರಡರ ದಾರಿ ಬೇರೆ. ಬೆಲೆಗೆ ಕೂಡಿಸಿದ ಭಾಗ ಸವಕಳಿಯ ರೂಪದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 43 ಲಕ್ಷದಂತೆ ಕರಗುತ್ತದೆ. ಸಾಲವಾದರೋ ಬೆಳೆಯುತ್ತದೆ. ಮೊದಲ ವರ್ಷ ಅದಕ್ಕೆ 5 ಕೋಟಿ 83 ಲಕ್ಷ ಬಡ್ಡಿ ಸೇರುತ್ತದೆ. ಮರುವರ್ಷ ಬಡ್ಡಿಗೂ ಬಡ್ಡಿ ಕೂಡಿ 6 ಕೋಟಿ 18 ಲಕ್ಷ. ನಲವತ್ತನೆಯ ವರ್ಷವೊಂದರಲ್ಲೇ 56 ಕೋಟಿ 60 ಲಕ್ಷ. ಹೀಗೆ ಕೊನೆಯ ದಿನಕ್ಕೆ ಸಾಲ ಸರಿಯಾಗಿ 1,000 ಕೋಟಿಯಾಗುತ್ತದೆ.

ಗಣಿತವೇನೋ ಅಚ್ಚುಕಟ್ಟಾಗಿದೆ. ಆದರೆ ಇದನ್ನು ಮೂರು ಕಾರಣಗಳಿಂದ ಎಚ್ಚರಿಕೆಯಿಂದ ಓದಬೇಕೆಂದು ನನ್ನ ಅಭಿಪ್ರಾಯ.

ಮೊದಲನೆಯದು ಭಾರದ ಹಂಚಿಕೆ. ಸವಕಳಿ ಮತ್ತು ಬಡ್ಡಿ ಕೂಡಿ ಮೊದಲ ವರ್ಷದ ಖರ್ಚು ಸುಮಾರು 8 ಕೋಟಿ, ಕೊನೆಯ ವರ್ಷದ್ದು 59 ಕೋಟಿ. ಸ್ಥಾವರ ಹೊಸದಾಗಿದ್ದಾಗ ಹೊರೆ ಹಗುರ, ಮುಪ್ಪಡರಿದಾಗ ಭಾರ.

ಎರಡನೆಯದು ಬಡ್ಡಿಯ ದರ. ಅದನ್ನು ಶೇಕಡ 8 ಎಂದು ಹಿಡಿದರೆ ಇದೇ ಹೊಣೆ ಮೊದಲ ದಿನ 46 ಕೋಟಿಗೆ ಕುಗ್ಗುತ್ತದೆ. ಶೇಕಡ 5 ಎಂದರೆ 142 ಕೋಟಿಗೆ ಹಿಗ್ಗುತ್ತದೆ. ಕಳಚಬೇಕಾದ ಉಕ್ಕು ಒಂದು ತೊಲವೂ ಹೆಚ್ಚು ಕಡಿಮೆಯಾಗಿರುವುದಿಲ್ಲ. ಇದು ಬರಿಯ ಊಹೆಯಲ್ಲ. ಬ್ರಿಟನ್ನಿನ ಹಳೆಯ ಪರಮಾಣು ಸ್ಥಾವರಗಳನ್ನು ಕಳಚುವ ಸರ್ಕಾರಿ ಪ್ರಾಧಿಕಾರದ ಹೊಣೆ 2016ರ ಲೆಕ್ಕದಲ್ಲಿ ಸುಮಾರು 7,000 ಕೋಟಿ ಪೌಂಡುಗಳಿಂದ ಸುಮಾರು 16,000 ಕೋಟಿ ಪೌಂಡುಗಳಿಗೆ ಏರಿತು. ಇದಕ್ಕೆ ಮುಖ್ಯ ಕಾರಣ, ಅಲ್ಲಿನ ಖಜಾನೆ ಗೊತ್ತುಮಾಡುವ ದರ ಇಳಿದುದು. ಆದ್ದರಿಂದ ಯಾವುದೇ ಸಂಸ್ಥೆಯ ವರದಿಯಲ್ಲಿ ಹೊಣೆಯ ಮೊತ್ತವನ್ನು ಕಂಡೊಡನೆ, ಯಾವ ದರದಲ್ಲಿ ಎಂದು ಕೇಳಬೇಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ವರ್ಷವರ್ಷವೂ ಸೇರುವ ಈ ಬಡ್ಡಿ ಬ್ಯಾಂಕಿನಲ್ಲಿ ಬೆಳೆಯುವ ಹಣವಲ್ಲ. ಪುಸ್ತಕದಲ್ಲಿ ಬೆಳೆಯುವ ಸಾಲ. ನಲವತ್ತು ವರ್ಷ ತಪ್ಪಿಲ್ಲದೆ ಲೆಕ್ಕ ಬರೆದೂ ಕೊನೆಯ ದಿನ ಪೆಟ್ಟಿಗೆ ಬರಿದಾಗಿರಬಹುದು. ಹಣ ಬೇಕಾದರೆ ಬೇರೆಯಾಗಿಯೇ ಕೂಡಿಡಬೇಕು. ನಮ್ಮ ದೇಶದಲ್ಲಿ ಪರಮಾಣು ವಿದ್ಯುತ್ತಿನ ಪ್ರತಿ ಯೂನಿಟ್ಟಿನ ಮೇಲೆ 2 ಪೈಸೆಯನ್ನು ಇದಕ್ಕೆಂದೇ ವಸೂಲು ಮಾಡುವ ಪದ್ಧತಿ ಬಂದುದು ಹೀಗೆ. ನಮ್ಮ ಕೈಗಾದ 220 ಮೆಗಾವಾಟ್ ಘಟಕವೊಂದು ವರ್ಷವಿಡೀ ಶೇಕಡ 80ರ ಸಾಮರ್ಥ್ಯದಲ್ಲಿ ನಡೆದರೆ ಸುಮಾರು 154 ಕೋಟಿ ಯೂನಿಟ್ಟು ಹುಟ್ಟುತ್ತದೆ. 2 ಪೈಸೆಯಂತೆ ಅದರಿಂದ ಸುಮಾರು 3 ಕೋಟಿ ರೂಪಾಯಿ. ವರ್ಷವರ್ಷವೂ ಇಷ್ಟನ್ನು ಶೇಕಡ 6ರಂತೆ ಬೆಳೆಸಿದರೆ 40 ವರ್ಷಗಳಲ್ಲಿ ಸುಮಾರು 475 ಕೋಟಿಯಾದೀತು. ಇಲ್ಲಿಯೂ ಅದೇ ಚಕ್ರಬಡ್ಡಿ. ಆದರೆ ಇಲ್ಲಿ ಬೆಳೆಯುವುದು ನಿಜವಾದ ಹಣ.

ಆದುದರಿಂದ ಪ್ರತಿ ವಿದ್ಯುದಾಗಾರವೂ ವರ್ಷಕ್ಕೊಮ್ಮೆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಬೇಕು: ಹೊಣೆ ಎಷ್ಟಕ್ಕೆ ಬೆಳೆದಿದೆ, ನಿಧಿ ಎಷ್ಟಕ್ಕೆ ಬೆಳೆದಿದೆ. ಇವೆರಡರ ನಡುವಣ ಅಂತರವೇ ನಾವು ಇಂದು ದೀಪ ಉರಿಸಿ, ಇನ್ನೂ ಹುಟ್ಟದವರ ಹೆಸರಿಗೆ ಬರೆಯುತ್ತಿರುವ ಸಾಲ.