ನಿಕಾಹ್ ಸಿಂಧುವಲ್ಲವೆಂಬ ನೆಪ

‘ಈ ನಿಕಾಹ್ ಸಿಂಧುವೇ ಅಲ್ಲ, ಆದ್ದರಿಂದ ಜೀವನಾಂಶವೂ ಇಲ್ಲ’ ಎಂಬ ವಾದ ನಮ್ಮ ಜಮಾಅತ್‌ಗಳ ಪಂಚಾಯಿತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಹೇಳುವವನು ಶರೀಅತ್‌ನ ಹೆಸರು ಎತ್ತಿದೊಡನೆ ಸಭೆ ಮೌನವಾಗುತ್ತದೆ. ಆದರೆ ಶರೀಅತ್ ಆತನ ಬಾಯಿಗೆ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ.

ಕಲಬುರಗಿ ಜಿಲ್ಲೆಯ ಚಿಂಚೋಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣವನ್ನು ನೋಡಿರಿ. ಪತ್ನಿ ಇರುವಾಗಲೇ ಒಬ್ಬಾತ ಆಕೆಯ ತಂಗಿಯನ್ನು ವರಿಸಿದ. ಹೆಣ್ಣುಮಗುವೂ ಆಯಿತು. ಆಮೇಲೆ ಕೈಬಿಟ್ಟ. ಆಕೆ ಜೀವನಾಂಶ ಕೇಳಿದಾಗ ಮದುವೆಯನ್ನೇ ಅಲ್ಲಗಳೆದ. ನಡೆದಿದ್ದರೂ ಅಕ್ಕ ಇರುವಾಗ ತಂಗಿಯೊಡನೆ ಮದುವೆ ಅಸಿಂಧು ಎಂದು ವಾದಿಸಿದ. ತಾನೇ ಮುರಿದ ನಿಯಮ ಆತನಿಗೆ ಗುರಾಣಿಯಾಯಿತು!

ಸಹೋದರಿಯರಿಬ್ಬರನ್ನು ಒಟ್ಟಿಗೆ ವಿವಾಹಬಂಧನದಲ್ಲಿಡುವುದನ್ನು ಸೂರಃ ಅನ್ನಿಸಾದ 23ನೇ ವಚನ ನಿಷೇಧಿಸಿದೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಹನಫೀ ಫಿಕ್ಹ್ ‘ಬಾತಿಲ್’ ಮತ್ತು ‘ಫಾಸಿದ್’ ಎಂಬ ಎರಡನ್ನು ಬೇರೆಯಾಗಿ ನೋಡುತ್ತದೆ. ಮೊದಲನೆಯದು ಆರಂಭದಿಂದಲೇ ಇಲ್ಲದ ಮದುವೆ. ಎರಡನೆಯದು ದೋಷಪೂರ್ಣವಾದುದು: ಇಬ್ಬರೂ ಬೇರ್ಪಡಲೇಬೇಕು, ಆದರೆ ದಾಂಪತ್ಯ ನಡೆದಿದ್ದರೆ ಮಹ್ರ್ ಸಲ್ಲುತ್ತದೆ, ಸ್ತ್ರೀ ಇದ್ದತ್ ಪಾಲಿಸಬೇಕು, ಮಗುವಿನ ವಂಶ ತಂದೆಗೇ ಸೇರುತ್ತದೆ. ಫತಾವಾ ಆಲಂಗೀರಿ ಪತ್ನಿಯ ಸಹೋದರಿಯ ಪ್ರಸಂಗವನ್ನು ಎರಡನೆಯ ಗುಂಪಿಗೆ ಸೇರಿಸುತ್ತದೆ. ಇದನ್ನು ಆಧರಿಸಿ 2008ರಲ್ಲಿ ನ್ಯಾಯಾಲಯವು, ಸಕ್ಷಮ ನ್ಯಾಯಾಲಯ ರದ್ದುಪಡಿಸುವವರೆಗೂ ಇಂಥ ಮದುವೆ ಮುಂದುವರಿಯುತ್ತದೆ, ಆದ್ದರಿಂದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಆಕೆಗೂ ಮಗುವಿಗೂ ಜೀವನಾಂಶ ಸಲ್ಲಬೇಕು ಎಂದು ತೀರ್ಪಿತ್ತಿತು.

ಪ್ರಾಮಾಣಿಕವಾಗಿ ಒಂದು ಮಾತು: ಫಾಸಿದ್ ನಿಕಾಹ್‌ನಲ್ಲಿ ನಫಕಾ ಕಡ್ಡಾಯವೆಂದು ಹನಫೀ ಗ್ರಂಥಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಇಲ್ಲಿ ಮದುವೆಯ ಸ್ವರೂಪವನ್ನು ನಮ್ಮ ಫಿಕ್ಹ್ ನಿರ್ಧರಿಸಿತು, ಜೀವನಾಂಶವನ್ನು ದೇಶದ ಕಾನೂನು ಕೊಟ್ಟಿತು. ಎರಡನ್ನೂ ಬೆರೆಸಿ ಗೊಂದಲ ಮಾಡುವವರಿಗೆ ಇದು ಅರ್ಥವಾಗುವುದಿಲ್ಲ.

ನೆರೆಮನೆಯ ಹಿಂದೂ ಸ್ತ್ರೀಗೆ ಇದೇ ದಾರಿ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ, ಮೊದಲ ಪತ್ನಿ ಇರುವಾಗ ನಡೆದ ಎರಡನೆಯ ಮದುವೆ ಮೊದಲಿನಿಂದಲೇ ಶೂನ್ಯ. ಅಂಥ ಸ್ತ್ರೀ 125ನೇ ಕಲಮಿನಡಿ ‘ಪತ್ನಿ’ ಅಲ್ಲವೆಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪಿನ ಪ್ರಕಾರ ಆ ಕಲಮಿನಡಿ ಮಗುವಿಗೆ ಮಾತ್ರ ಹಕ್ಕು ಉಳಿಯಿತು. ನಮ್ಮ ಫಿಕ್ಹ್ ಸ್ತ್ರೀಗೆ ತೆರೆದಿಟ್ಟ ಬಾಗಿಲನ್ನು ನಮ್ಮವರೇ ಮುಚ್ಚುವುದು ಎಂಥ ವಿಪರ್ಯಾಸ!

ಆದುದರಿಂದ ಜಮಾಅತ್‌ನ ಹಿರಿಯರಲ್ಲಿ ನನ್ನ ಆಗ್ರಹವಿದು. ಇಂಥ ಪ್ರಸಂಗ ನಿಮ್ಮ ಮುಂದೆ ಬಂದರೆ ಬೇರ್ಪಡಿಸಿರಿ, ಆದರೆ ಬರಿಗೈಯಲ್ಲಿ ಕಳುಹಿಸಬೇಡಿರಿ. ಮಹ್ರ್ ಕೊಡಿಸಿರಿ, ಮಗುವಿನ ತಂದೆಯ ಹೆಸರನ್ನು ಬರಹದಲ್ಲಿ ದಾಖಲಿಸಿರಿ. ಆಕೆ ನ್ಯಾಯಾಲಯಕ್ಕೆ ಹೋಗಬಯಸಿದರೆ (ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು) ನಿಕಾಹ್‌ನಾಮಾದ ಪ್ರತಿಯನ್ನು ತಡೆಹಿಡಿಯಬೇಡಿರಿ. ಮದುವೆ ನಡೆದೇ ಇಲ್ಲ ಎನ್ನುವವನ ಎದುರು ಆಕೆಯ ಕೈಯಲ್ಲಿರುವುದು ಆ ಒಂದು ಹಾಳೆ.