ಬೋರ್ಡ್ ಬದಲಾದರೆ ಕಂಪನಿ ಹೊಸದಾಗುತ್ತದೆಯೇ?

ಕಂಪನಿಯೊಂದು ಹೆಸರು ಬದಲಿಸಿದ ಮಾರನೇ ದಿನದಿಂದ ನಮ್ಮ ಪತ್ರಿಕೆಗಳು ಅದನ್ನು ಹೊಸ ಕಂಪನಿ ಎಂದು ಬರೆಯಲು ಶುರು ಮಾಡುತ್ತವೆ. ನಮ್ಮ ಪ್ರಕಾರ ಇದು ಸೋಮಾರಿತನ. ಊರಿನವರ ಕೈಯಲ್ಲಿರುವ ಕರಾರು ಪತ್ರದಲ್ಲಿ ಒಂದು ಹೆಸರು, ಗೇಟಿನ ಮೇಲೆ ಇನ್ನೊಂದು ಹೆಸರು. ‘ಅದು ಹಿಂದಿನ ಕಂಪನಿಯವರು ಮಾಡಿದ್ದು’ ಎಂದು ಯಾರಾದರೂ ಹೇಳಿಬಿಟ್ಟರೆ ರೈತ ವಾಪಸ್ ಬರಬೇಕು. ಹಿಂದಿನ ಕಂಪನಿ ನಿಜಕ್ಕೂ ಬೇರೆಯೋ, ಇದೇನೋ ಎಂದು ಯಾರೂ ನೋಡುವುದಿಲ್ಲ.

ಚಿತ್ರದುರ್ಗದ ಕಡೆಯವರಿಗೆ ಗೊತ್ತಿರುವ ಉದಾಹರಣೆ ತಗೊಳ್ಳೋಣ. ಅಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದದ್ದು ಸೆಸಾ ಗೋವಾ. ಈಗಿನ ಹೆಸರು ವೇದಾಂತ. ಯಾರನ್ನೇ ಕೇಳಿ, ‘ವೇದಾಂತದವರು ಸೆಸಾವನ್ನು ಕೊಂಡುಕೊಂಡರು, ಸೆಸಾ ಮುಗಿಯಿತು’ ಎನ್ನುತ್ತಾರೆ. ಕೊಂಡದ್ದು ನಿಜ. 2007ರಲ್ಲಿ ಜಪಾನಿನ ಮಿಟ್ಸುಯಿ ಕಂಪನಿಯಿಂದ ಅರ್ಧಕ್ಕಿಂತ ಹೆಚ್ಚು ಷೇರು ವೇದಾಂತ ಗುಂಪಿನ ಕೈಗೆ ಬಂತು. ಆದರೆ ಷೇರು ಮಾರಾಟವಾದರೆ ಬದಲಾಗುವುದು ಯಜಮಾನ ಮಾತ್ರ, ಕಂಪನಿ ಅದೇ.

ನಿಜವಾದ ತಮಾಷೆ ನಡೆದದ್ದು 2013ರಲ್ಲಿ. ಆ ವಿಲೀನದಲ್ಲಿ ನುಂಗಿದ್ದು ಸೆಸಾ, ಕರಗಿಹೋದದ್ದು ಅದೇ ಗುಂಪಿನ ದೊಡ್ಡ ಕಂಪನಿ ಸ್ಟೆರ್ಲೈಟ್ ಇಂಡಸ್ಟ್ರೀಸ್. ಉಳಿದ ಸೆಸಾ ಗೋವಾ ತನ್ನ ಹೆಸರನ್ನು ಸೆಸಾ ಸ್ಟೆರ್ಲೈಟ್ ಎಂದು ಬದಲಿಸಿಕೊಂಡಿತು, 2015ರಲ್ಲಿ ವೇದಾಂತ ಲಿಮಿಟೆಡ್ ಎಂದಾಯಿತು. ಅಂದರೆ ಕಾಗದದ ಮೇಲೆ ಸೆಸಾ ಗೋವಾ ಸತ್ತೇ ಇಲ್ಲ. ವೇದಾಂತ ಲಿಮಿಟೆಡ್ ಅಂದರೇ ಅದು.

ಇದನ್ನು ಹೇಳುವುದು ಕಂಪನಿಯ ಲೆಟರ್‌ಹೆಡ್‌ನಲ್ಲಿರುವ 21 ಅಕ್ಷರ-ಅಂಕಿಗಳ ಸಿಐಎನ್ ಎಂಬ ಗುರುತಿನ ಸಂಖ್ಯೆ. ಕಂಪನಿ ತನ್ನ ಬಿಲ್ಲು, ಪತ್ರಗಳ ಮೇಲೂ ಅದನ್ನು ಅಚ್ಚು ಹಾಕಲೇಬೇಕು. ಎರಡನ್ನು ಹೋಲಿಸಿ ನೋಡಿ:

```
L13209GA1965PLC000044
L13209MH1965PLC291394
```

ಮೇಲಿನದು ಗೋವಾದಲ್ಲಿದ್ದಾಗಿನದು, ಕೆಳಗಿನದು ವೇದಾಂತದ್ದು. ನೋಂದಾಯಿತ ಕಚೇರಿ ಮುಂಬೈಗೆ ಹೋದ ಮೇಲೆ ರಾಜ್ಯದ ಅಕ್ಷರಗಳು GA ಹೋಗಿ MH ಬಂದವು, ಕೊನೆಯ ಆರು ಅಂಕಿಯೂ ಬದಲಾಯಿತು. ಹಾಗಾಗಿ ಇಡೀ ಸಂಖ್ಯೆ ಹೊಂದಲಿಲ್ಲವೆಂದು ಬೇರೆ ಕಂಪನಿ ಅಂದುಕೊಳ್ಳಬೇಡಿ. ನಡುವಿನ 1965 ಅಲ್ಲಾಡಿಲ್ಲ. ಕಂಪನಿ ನೋಂದಣಿಯಾದ ವರ್ಷ ಅದು. ಬೋರ್ಡು ಬಂದದ್ದು 2015ರಲ್ಲಿ, ಕಂಪನಿ ಹುಟ್ಟಿದ್ದು ಅದಕ್ಕಿಂತ ಐವತ್ತು ವರ್ಷ ಮೊದಲು.

ಕಂಪನಿ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಮಾಸ್ಟರ್ ಡೇಟಾ ತೆರೆದರೆ ನೋಂದಣಿ ದಿನಾಂಕವೂ ಸಿಗುತ್ತದೆ. ಸಣ್ಣ ಶುಲ್ಕ ಕಟ್ಟಿದರೆ ಕಂಪನಿ ಸಲ್ಲಿಸಿದ ಕಾಗದಗಳನ್ನೂ ನೋಡಬಹುದು. ಎಡವುವ ಜಾಗ ಇಲ್ಲೇ ಇದೆ. ಹೆಸರು ಬದಲಿಸಿದಾಗೆಲ್ಲ ರಿಜಿಸ್ಟ್ರಾರ್ ಹೊಸ ಪ್ರಮಾಣಪತ್ರ ಕೊಡುತ್ತಾರೆ. ಅದರ ಮೇಲಿನ ತಾರೀಖು ಹೆಸರು ಬದಲಾದ ತಾರೀಖು, ಹುಟ್ಟಿದ್ದಲ್ಲ. ವರದಿಗಾರರು ಅದನ್ನೇ ಸ್ಥಾಪನಾ ದಿನ ಎಂದು ಬರೆದುಬಿಡುತ್ತಾರೆ.

ನೋಂದಣಿಗಿಂತ ಹಿಂದಿನದು ಈ ದಾಖಲೆಯಲ್ಲಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಸೆಸಾದ ವ್ಯಾಪಾರ ಶುರುವಾದದ್ದು 1954ರಲ್ಲಿ, ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಅದಕ್ಕೆ ಕಂಪನಿಯ ಹಳೆಯ ವಾರ್ಷಿಕ ವರದಿಗಳನ್ನೇ ಹುಡುಕಬೇಕು.

ವಿಭಜನೆ ಇನ್ನೂ ಕಷ್ಟ. ಒಂದು ಕಂಪನಿ ತನ್ನ ಗಣಿಯನ್ನು ಹೊಸದಾಗಿ ನೋಂದಾಯಿಸಿದ ಕಂಪನಿಗೆ ಬಿಟ್ಟುಕೊಟ್ಟರೆ ಸಿಐಎನ್‌ನಲ್ಲಿ ಹೊಸ ವರ್ಷವೇ ಇರುತ್ತದೆ, ಗಣಿ ಮಾತ್ರ ಹಳೆಯದು. ವೇದಾಂತವೇ ತನ್ನ ಬೇರೆ ಬೇರೆ ಉದ್ಯಮಗಳನ್ನು ಹೀಗೆ ಒಡೆಯುವ ಯೋಜನೆಯನ್ನು 2023ರಲ್ಲಿ ಘೋಷಿಸಿತು. ಇಂಥ ಕಡೆ ಸಿಐಎನ್ ನಂಬಬೇಡಿ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಮಂಜೂರು ಮಾಡಿದ ಯೋಜನೆಯ ಆದೇಶ ಓದಿ. ಯಾವ ಆಸ್ತಿ, ಯಾವ ಸಾಲ, ಯಾವ ಕೇಸು ಯಾರ ಪಾಲಿಗೆ ಎಂಬುದು ಅದರಲ್ಲಿರುತ್ತದೆ.

ನಮ್ಮ ಜಗಳ ಕಾನೂನಿನ ಜೊತೆಗೂ ಇದೆ. 2013ರ ಕಂಪನಿ ಕಾಯ್ದೆಯ 12ನೇ ಕಲಂ ಪ್ರಕಾರ, ಹೆಸರು ಬದಲಿಸಿದ ಕಂಪನಿ ಹಳೆ ಹೆಸರನ್ನೂ ಬೋರ್ಡು, ಲೆಟರ್‌ಹೆಡ್‌ಗಳಲ್ಲಿ ತೋರಿಸಬೇಕು. ಎಷ್ಟು ದಿನ? ಎರಡೇ ವರ್ಷ. ಗಣಿ ಗುತ್ತಿಗೆ ಐವತ್ತು ವರ್ಷದ್ದು, ನೆನಪು ಎರಡು ವರ್ಷದ್ದು! ಗುತ್ತಿಗೆ ಮುಗಿಯುವ ತನಕ ಹಳೆ ಹೆಸರು ಗೇಟಿನ ಮೇಲೆ ಇರಲಿ ಎಂಬುದು ನಮ್ಮ ಒತ್ತಾಯ. ಎರಡು ಸಾಲು ಬಣ್ಣದ ಖರ್ಚು, ಅಷ್ಟೇ.

ಅಲ್ಲಿಯ ತನಕ ಯಾವ ಕಂಪನಿಯ ಮೇಲೆ ಅರ್ಜಿ ಕೊಟ್ಟರೂ ಈಗಿನ ಹೆಸರು, ಅದರ ಕೆಳಗೆ ‘ಹಿಂದಿನ ಹೆಸರು’ ಎಂದು ಹಳೆಯದೆಲ್ಲ, ಕೊನೆಗೆ ಸಿಐಎನ್ ಬರೆಯಿರಿ. ಹೆಸರು ಬದಲಾದ ಮಾತ್ರಕ್ಕೆ ಕಂಪನಿಯ ಹೊಣೆ ತಪ್ಪುವುದಿಲ್ಲ ಎಂಬ ಸಾಲನ್ನೂ ಸೇರಿಸಿ.